ಅರ್ಜಿ ಟೈಪಾಗದ ಕೀಬೋರ್ಡು, ಅಂಗಡಿಗೊಂದು ಪತ್ರ

ಹೊಸ ಕೀಬೋರ್ಡಿನಲ್ಲಿ ನಾಲ್ಕು ಕೀ ಕೆಲಸ ಮಾಡುತ್ತಿಲ್ಲ ಎಂದರೆ ಕೇಳುವವರಿಗೆ ಅದು ಸಣ್ಣ ತಕರಾರು. ನೂರಕ್ಕೂ ಹೆಚ್ಚು ಕೀಗಳಲ್ಲಿ ನಾಲ್ಕು ತಾನೇ ಎನ್ನಿಸುತ್ತದೆ. ಆದರೆ ಆ ನಾಲ್ಕು ಯಾವುವು ಎಂಬುದು ಮುಖ್ಯ: R, F, V ಮತ್ತು ಅಂಕಿ 4. ನುಡಿ ತಂತ್ರಾಂಶದಲ್ಲಿ ಬಳಕೆಯಲ್ಲಿರುವ ಕೆ.ಪಿ. ರಾವ್ ವಿನ್ಯಾಸದಲ್ಲಿ R ಒತ್ತಿದರೆ ರ, V ಒತ್ತಿದರೆ ವ, F ಒತ್ತಿದರೆ ಅರ್ಧಾಕ್ಷರ. ಒತ್ತಕ್ಷರ ಬೇಕಾದಲ್ಲೆಲ್ಲ F ಬೇಕೇ ಬೇಕು. ಅದು ಸತ್ತರೆ ಕನ್ನಡದಲ್ಲಿ ಒಂದೇ ಒಂದು ಒತ್ತು ಮೂಡುವುದಿಲ್ಲ. `arfji` ಎಂದು ಒತ್ತಿದರೆ ‘ಅರ್ಜಿ’ ಬರಬೇಕು. R ಮತ್ತು F ಕೈಕೊಟ್ಟರೆ ಪರದೆಯ ಮೇಲೆ ಬರುವುದು ‘ಅಜಿ’. `surpur` ಎಂದು ಒತ್ತಿದರೆ ‘ಸುರಪುರ’ದ ಬದಲು ‘ಸುಪು’. ಯಾದಗಿರಿ, ಶಹಾಪುರ, ಸುರಪುರ ಮೂರು ಊರಿನ ಹೆಸರಲ್ಲೂ ರಕಾರ ಇದೆ. ತಹಸೀಲ್ ಕಚೇರಿಯ ಎದುರಿಗೆ ಡಿಟಿಪಿ ಅಂಗಡಿ ಇಟ್ಟುಕೊಂಡವರಿಗೆ ಊರ ಹೆಸರನ್ನೇ ಟೈಪ್ ಮಾಡಲಾಗದ ಕೀಬೋರ್ಡು ಅರ್ಧ ಕೆಟ್ಟದ್ದಲ್ಲ, ಪೂರ್ತಿ ಕೆಟ್ಟದ್ದೇ.

ಇಂಥ ಕೀಬೋರ್ಡನ್ನು ವಾರಂಟಿಯಲ್ಲಿ ಬದಲಿಸಿಕೊಡಿ ಎಂದು ಅಂಗಡಿಗೆ ಪತ್ರ ಬರೆಯುವುದು ಶಾಲೆಯ ವ್ಯವಹಾರ ಪತ್ರದ ಪಾಠದಷ್ಟು ಸುಲಭ ಎಂದು ಕಾಣುತ್ತದೆ. ‘ನಿಮ್ಮಲ್ಲಿ ಖರೀದಿಸಿದ ಕೀಬೋರ್ಡ್ ಸರಿಯಾಗಿ ಕೆಲಸ ಮಾಡುತ್ತಿಲ್ಲ, ದಯವಿಟ್ಟು ಬದಲಿಸಿಕೊಡಬೇಕಾಗಿ ವಿನಂತಿ’ ಎಂದು ಮುಗಿಸುವವರೇ ಹೆಚ್ಚು. ಈ ಒಂದು ಸಾಲಿನ ಪತ್ರದಿಂದ ಕೆಲಸವಾಗದೆ ಹೋಗುವುದಕ್ಕೆ ಅಂಗಡಿಯವರ ಕೆಟ್ಟತನವೇ ಕಾರಣ ಆಗಬೇಕಿಲ್ಲ. ಆ ಪತ್ರ ಹಿಡಿದುಕೊಂಡು ಅವರು ಮುಂದೇನೂ ಮಾಡಲಾರರು. ಶಹಾಪುರದ ಅಂಗಡಿಗೆ ಮಾಲು ಬರುವುದು ದೊಡ್ಡ ಊರಿನ ಡಿಸ್ಟ್ರಿಬ್ಯೂಟರ್ ಕಡೆಯಿಂದ, ಅವರಿಗೆ ಕಂಪನಿಯಿಂದ. ಕೆಟ್ಟ ಮಾಲು ಅದೇ ದಾರಿಯಲ್ಲಿ ವಾಪಸ್ ಹೋಗುತ್ತದೆ. ಪ್ರತಿ ಹಂತದಲ್ಲೂ ಕೇಳುವ ಪ್ರಶ್ನೆ ಒಂದೇ: ಇದು ಫ್ಯಾಕ್ಟರಿಯಲ್ಲೇ ಕೆಟ್ಟು ಬಂದದ್ದೋ, ಗಿರಾಕಿ ಕೆಡಿಸಿಕೊಂಡದ್ದೋ? ಇದಕ್ಕೆ ಉತ್ತರ ಪತ್ರದಲ್ಲಿ ಇಲ್ಲದಿದ್ದರೆ ಆರುನೂರೈವತ್ತು ರೂಪಾಯಿಯ ಮಾಲಿನ ನಷ್ಟವನ್ನು ತಾವೇ ಹೊರಬೇಕಾದೀತು ಎಂದು ಅಂಗಡಿಯವರು ಹಿಂಜರಿಯುತ್ತಾರೆ. ಹಾಗಾಗಿ ಒಳ್ಳೆಯ ಪತ್ರ ಎರಡು ಕೆಲಸ ಮಾಡಬೇಕು. ಮೇಲಿನವರಿಗೆ ತೋರಿಸಲು ಅಂಗಡಿಯವರ ಕೈಗೊಂದು ದಾಖಲೆ ಕೊಡಬೇಕು. ಕೀಬೋರ್ಡನ್ನು ಪರೀಕ್ಷಿಸಿ ನೋಡಿದೆ, ಈ ಕೀಗಳು ಬರುತ್ತಿಲ್ಲ ಎಂದು ಅವರ ಕೈಯಿಂದಲೇ ಒಂದು ಸಾಲು ಬರೆಸಿಕೊಳ್ಳಬೇಕು. ಎರಡನೆಯದೇ ಹೆಚ್ಚು ಬೆಲೆಯದ್ದು ಎಂಬುದು ನನ್ನ ವಾದ.

ಪತ್ರಕ್ಕೆ ಕೂರುವ ಮುಂಚೆ ತಪ್ಪು ಕೀಬೋರ್ಡಿನದೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಕಂಪ್ಯೂಟರಿನ ತಪ್ಪಿಗೆ ಕೀಬೋರ್ಡು ಬೈಗುಳ ತಿನ್ನುವುದು ಅಪರೂಪವೇನಲ್ಲ. ಬಲಗಡೆಯ ಶಿಫ್ಟ್ ಕೀಯನ್ನು ಎಂಟು ಸೆಕೆಂಡ್ ಒತ್ತಿ ಹಿಡಿದರೆ ವಿಂಡೋಸ್‌ನಲ್ಲಿ ‘ಫಿಲ್ಟರ್ ಕೀಸ್’ ಎಂಬ ಸೌಲಭ್ಯ ಚಾಲೂ ಆಗುತ್ತದೆ. ಆಮೇಲೆ ಬೇಗಬೇಗ ಒತ್ತಿದ ಕೀಗಳನ್ನು ಕಂಪ್ಯೂಟರ್ ಗಮನಕ್ಕೇ ತಂದುಕೊಳ್ಳುವುದಿಲ್ಲ, ಕೀಬೋರ್ಡು ಸತ್ತಂತೆ ಕಾಣುತ್ತದೆ. ನಮ್ ಲಾಕ್ ಆರಿದ್ದರೆ ಬಲಬದಿಯ ಅಂಕಿಗಳು ಬರುವುದಿಲ್ಲ. ಕನ್ನಡ ತಂತ್ರಾಂಶ ಚಾಲೂ ಇದ್ದರೆ ಒತ್ತಿದ್ದು ಒಂದು, ಬಂದದ್ದು ಇನ್ನೊಂದು. ಇವನ್ನೆಲ್ಲ ಸರಿಪಡಿಸಿಕೊಂಡು, ನೋಟ್‌ಪ್ಯಾಡ್ ತೆರೆದು ಪ್ರತಿ ಕೀಯನ್ನೂ ಹತ್ತು ಸಲ ಒತ್ತಿ, ಎಷ್ಟು ಸಲ ಬಂತು ಎಂದು ಬರೆದುಕೊಳ್ಳಬೇಕು. ಬಳಿಕ ವಿಂಡೋಸ್‌ನ ‘ರನ್’ ಪೆಟ್ಟಿಗೆಯಲ್ಲಿ `osk` ಎಂದು ಕೊಟ್ಟರೆ ಪರದೆಯ ಮೇಲೆ ಒಂದು ಕೀಬೋರ್ಡು ತೆರೆದುಕೊಳ್ಳುತ್ತದೆ. R ಸತ್ತಿರುವಾಗ `osk` ಎಂದು ಟೈಪ್ ಮಾಡಲು ಅಡ್ಡಿಯಿಲ್ಲ. O, S, K ಮೂರರಲ್ಲಿ ಒಂದು ಸತ್ತಿದ್ದರೂ ಮೌಸಿನಿಂದ ಮೆನು ಹುಡುಕಬೇಕು. ಪರದೆಯ ಕೀಬೋರ್ಡಿನ ಮೇಲೆ ಮೌಸಿನಿಂದ R ಒತ್ತಿದಾಗ ಅಕ್ಷರ ಬಂದು, ಕೈಯಲ್ಲಿ ಒತ್ತಿದಾಗ ಬರದಿದ್ದರೆ ತಂತ್ರಾಂಶ ಸರಿಯಿದೆ, ಕೀಬೋರ್ಡು ಸರಿಯಿಲ್ಲ ಎಂದರ್ಥ. ಕೊನೆಗೆ ಅದೇ ಕೀಬೋರ್ಡನ್ನು ಬೇರೊಂದು ಯುಎಸ್‌ಬಿ ಕಿಂಡಿಗೆ, ಸಾಧ್ಯವಾದರೆ ಬೇರೊಂದು ಕಂಪ್ಯೂಟರಿಗೆ ಸಿಕ್ಕಿಸಿ ನೋಡಬೇಕು. ಅಲ್ಲೂ ಅದೇ ಕೀಗಳೇ ಬರದಿದ್ದರೆ ಅನುಮಾನಕ್ಕೆ ಜಾಗ ಉಳಿಯುವುದಿಲ್ಲ.

ಹತ್ತು ಸಲ ಒತ್ತಬೇಕು ಎಂದದ್ದಕ್ಕೆ ಕಾರಣವಿದೆ. ಪೂರ್ತಿ ಸತ್ತ ಕೀಯ ವಿಷಯದಲ್ಲಿ ಜಗಳವೇ ಇಲ್ಲ. ತೊಂದರೆ ಕೊಡುವುದು ಒಮ್ಮೆ ಬಂದು ಒಮ್ಮೆ ಬರದ ಕೀ. ಅಂಗಡಿಯಲ್ಲಿ ಅದನ್ನು ಒಂದೇ ಸಲ ಒತ್ತುತ್ತಾರೆ, ಅದೃಷ್ಟಕ್ಕೆ ಅಕ್ಷರ ಮೂಡುತ್ತದೆ, ‘ನೋಡ್ರಿ ಸರ, ಬರ್ಲಿಕತ್ತದಲ್ಲ’ ಎನ್ನುತ್ತಾರೆ. ಗಿರಾಕಿ ಮುಖ ಸಣ್ಣದು ಮಾಡಿಕೊಂಡು ಮನೆಗೆ ಬರುತ್ತಾರೆ, ಅಲ್ಲಿ ಅದೇ ಕೀ ಮತ್ತೆ ಮುನಿಸಿಕೊಳ್ಳುತ್ತದೆ. ‘ಹತ್ತು ಸಲ ಒತ್ತಿದರೆ ಮೂರು ಸಲ ಮಾತ್ರ ಬರುತ್ತದೆ’ ಎಂದು ಪತ್ರದಲ್ಲೇ ಇದ್ದರೆ ಅಂಗಡಿಯವರೂ ಹತ್ತು ಸಲ ಒತ್ತಲೇಬೇಕಾಗುತ್ತದೆ. ಕೈಯೂ ಪರದೆಯೂ ಒಟ್ಟಿಗೆ ಕಾಣುವಂತೆ, ನಡುವೆ ಎಲ್ಲೂ ಕತ್ತರಿಸದ ಒಂದು ನಿಮಿಷದ ವಿಡಿಯೋ ಮೊಬೈಲಿನಲ್ಲಿದ್ದರೆ ಇನ್ನೂ ಒಳ್ಳೆಯದು.

ಯಾವ ಯಾವ ಕೀ ಕೆಟ್ಟಿವೆ ಎಂಬ ಪಟ್ಟಿಗೆ ಇನ್ನೊಂದು ಬೆಲೆಯಿದೆ. ಕಡಿಮೆ ದರದ ಕೀಬೋರ್ಡುಗಳಲ್ಲಿ ಪ್ರತಿ ಕೀಗೂ ಬೇರೆ ಬೇರೆ ತಂತಿ ಇರುವುದಿಲ್ಲ. ಕೀಗಳ ಕೆಳಗೆ ರಬ್ಬರ್ ಬುಗ್ಗೆಗಳು, ಅವುಗಳ ಕೆಳಗೆ ಮೂರು ಪದರದ ತೆಳು ಪ್ಲಾಸ್ಟಿಕ್ ಹಾಳೆ. ಮೇಲಿನ ಮತ್ತು ಕೆಳಗಿನ ಹಾಳೆಗಳ ಮೇಲೆ ವಿದ್ಯುತ್ ಹರಿಯುವ ಗೆರೆಗಳನ್ನು ಅಚ್ಚೊತ್ತಿರುತ್ತಾರೆ. ನಡುವಿನ ಹಾಳೆಯಲ್ಲಿ ಕೀ ಇರುವ ಕಡೆಯಲ್ಲೆಲ್ಲ ತೂತು. ಒತ್ತಿದಾಗ ಮೇಲಿನ ಗೆರೆ ತೂತಿನ ಮೂಲಕ ಕೆಳಗಿನ ಗೆರೆಗೆ ತಾಗುತ್ತದೆ, ಎಲ್ಲಿ ತಾಗಿತು ಎಂದು ನೋಡಿ ಒಳಗಿನ ಚಿಪ್ ಕೀಯನ್ನು ಗುರುತಿಸುತ್ತದೆ. ಹೊಲದ ಸಾಲುಗಳಂತೆ ಅಡ್ಡ ಉದ್ದ ಹಾದುಹೋಗುವ ಕೆಲವೇ ಗೆರೆಗಳಲ್ಲಿ ನೂರು ಕೀಗಳ ವ್ಯವಹಾರ ಮುಗಿಯುತ್ತದೆ. ಹೀಗಾಗಿ ಒಂದು ಗೆರೆ ಎಲ್ಲಾದರೂ ತುಂಡಾಗಿದ್ದರೆ, ಇಲ್ಲವೇ ಹಾಳೆಯ ತುದಿ ಚಿಪ್ ಇರುವ ಹಲಗೆಗೆ ಸರಿಯಾಗಿ ಒತ್ತಿ ಕೂರದಿದ್ದರೆ, ಆ ಗೆರೆಯ ಕೀಗಳೆಲ್ಲ ಒಟ್ಟಿಗೆ ಮಲಗುತ್ತವೆ. ಹಲವು ಕೀಬೋರ್ಡುಗಳಲ್ಲಿ 4, R, F, V ಒಂದೇ ಗೆರೆಯಲ್ಲಿರುತ್ತವೆ. ಬೇರೆ ಬೇರೆ ಸಾಲಿನಲ್ಲಿ ಮೇಲಿಂದ ಕೆಳಕ್ಕೆ ಬರುವ ಇಂಥ ನಾಲ್ಕು ಕೀಗಳು ಮೊದಲ ದಿನದಿಂದಲೇ ಒಟ್ಟಿಗೆ ಸತ್ತಿದ್ದರೆ ಅದು ಜೋಡಣೆಯ ದೋಷ ಎನ್ನಲು ಬಲವಾದ ಆಧಾರ. ಚಹಾ ಚೆಲ್ಲಿದ ಕೀಬೋರ್ಡಿನ ವರ್ತನೆ ಸಾಮಾನ್ಯವಾಗಿ ಬೇರೆ: ಚೆಲ್ಲಿದ ಜಾಗದ ಅಕ್ಕಪಕ್ಕದ ಕೀಗಳು ಅಂಟಂಟಾಗುತ್ತವೆ, ಒಂದು ಒತ್ತಿದರೆ ಎರಡು ಬರುತ್ತವೆ, ದಿನ ಕಳೆದಂತೆ ಕೆಡುವ ಕೀಗಳ ಸಂಖ್ಯೆ ಏರುತ್ತದೆ. ದ್ರವ ಒಳಗಿಳಿದು ಗೆರೆಯನ್ನೇ ತಿಂದುಹಾಕಿದರೆ ಅದೂ ಒಂದು ಸಾಲನ್ನು ಸಾಯಿಸಬಲ್ಲದು. ಆದ್ದರಿಂದ ಪಟ್ಟಿಯೊಂದೇ ಸಾಕ್ಷಿಯಲ್ಲ. ಕಲೆಯಿಲ್ಲದ, ಅಂಟಿಲ್ಲದ ಕೀಬೋರ್ಡಿನ ಜೊತೆಗೆ ಇಟ್ಟಾಗ ಅದಕ್ಕೆ ತೂಕ ಬರುತ್ತದೆ. ಒಳಗೇನಾಗಿದೆ ನೋಡೋಣವೆಂದು ಸ್ಕ್ರೂ ಬಿಚ್ಚಬಾರದು. ಬಿಚ್ಚಿದ ಗುರುತು ಕಂಡರೆ ವಾರಂಟಿ ಅಲ್ಲಿಗೇ ಮುಗಿಯುತ್ತದೆ, ಇದ್ದ ಸಾಕ್ಷಿಯೂ ಹಾಳಾಗುತ್ತದೆ.

ಈಗ ಪತ್ರ. ಶಹಾಪುರದಲ್ಲಿ ಒಬ್ಬರೇ ಕೂತು ಟೈಪಿಂಗ್ ಮಾಡಿ ಹೊಟ್ಟೆ ಹೊರೆಯುವವರು ಯಾದಗಿರಿಯ ಅಂಗಡಿಯಿಂದ ಕೀಬೋರ್ಡು ತಂದಿದ್ದಾರೆ ಎಂದು ಇಟ್ಟುಕೊಳ್ಳೋಣ. ಹೆಸರು, ಸಂಖ್ಯೆಗಳ ಜಾಗ ಖಾಲಿ ಬಿಟ್ಟಿದ್ದೇನೆ.

ಶಹಾಪುರ, 14-03-2026

ಮಾಲೀಕರು, … ಕಂಪ್ಯೂಟರ್ಸ್, ಯಾದಗಿರಿ ಇವರಿಗೆ

ವಿಷಯ: ವಾರಂಟಿ ಅವಧಿಯಲ್ಲಿರುವ ಕೀಬೋರ್ಡ್ ಬದಲಿಸಿಕೊಡುವ ಬಗ್ಗೆ

ಮಾನ್ಯರೇ, ದಿನಾಂಕ 09-03-2026ರಂದು ನಿಮ್ಮ ಅಂಗಡಿಯಲ್ಲಿ ಬಿಲ್ ಸಂಖ್ಯೆ … ರಂತೆ ರೂ. 650 ಕೊಟ್ಟು … ಮಾದರಿಯ ಕೀಬೋರ್ಡ್ ಖರೀದಿಸಿದ್ದೇನೆ. ಅದರ ಹಿಂಬದಿಯ ಚೀಟಿಯಲ್ಲಿರುವ ಸೀರಿಯಲ್ ಸಂಖ್ಯೆ …. ಪೆಟ್ಟಿಗೆಯ ಮೇಲೆ ಒಂದು ವರ್ಷದ ವಾರಂಟಿ ಎಂದಿದೆ.

ಬಳಸಲು ತೊಡಗಿದ ದಿನದಿಂದಲೇ R, F ಮತ್ತು 4 ಕೀಗಳು ಒಂದು ಸಲವೂ ಬರುತ್ತಿಲ್ಲ. V ಕೀ ಹತ್ತು ಸಲ ಒತ್ತಿದರೆ ಮೂರು ಸಲ ಮಾತ್ರ ಬರುತ್ತದೆ. ಉಳಿದ ಕೀಗಳು ಸರಿ ಇವೆ. ಎರಡು ಕಂಪ್ಯೂಟರ್‌ಗಳಲ್ಲಿ ಹಾಕಿ ನೋಡಿದ್ದೇನೆ, ಎರಡರಲ್ಲೂ ಹೀಗೆಯೇ ಆಗಿದೆ. ಅದೇ ಕಂಪ್ಯೂಟರ್‌ಗಳಲ್ಲಿ ಹಳೆಯ ಕೀಬೋರ್ಡ್ ಸರಿಯಾಗಿ ಕೆಲಸ ಮಾಡುತ್ತದೆ. ಕೀಬೋರ್ಡ್ ಕೆಳಗೆ ಬಿದ್ದಿಲ್ಲ, ಅದರ ಮೇಲೆ ನೀರು ಚಹಾ ಬಿದ್ದಿಲ್ಲ, ಬಿಚ್ಚಿಲ್ಲ.

ನಾನು ಸ್ವಂತ ಟೈಪಿಂಗ್ ಕೆಲಸದಿಂದ ಜೀವನ ನಡೆಸುವವನಾಗಿದ್ದು, ಈ ಕೀಬೋರ್ಡಿನಲ್ಲಿ ಕನ್ನಡ ಟೈಪ್ ಮಾಡಲು ಆಗುತ್ತಿಲ್ಲ. ಆದ್ದರಿಂದ ಇದನ್ನು ಸ್ವೀಕರಿಸಲು ನಾನು ಒಪ್ಪಿಲ್ಲ. ಇದೇ ಮಾದರಿಯ ಹೊಸ ಕೀಬೋರ್ಡನ್ನು 30-03-2026ರ ಒಳಗೆ ಬದಲಿಸಿಕೊಡಬೇಕು, ಮಾಲು ಇಲ್ಲದಿದ್ದರೆ ಹಣ ವಾಪಸ್ ಕೊಡಬೇಕು ಎಂದು ಕೋರುತ್ತೇನೆ. ಕೀಬೋರ್ಡ್, ಪೆಟ್ಟಿಗೆ ಮತ್ತು ಬಿಲ್ಲಿನ ಪ್ರತಿ ತಂದಿದ್ದೇನೆ. ದಯವಿಟ್ಟು ನನ್ನೆದುರು ಪರೀಕ್ಷಿಸಿ ಕೆಳಗೆ ಬರೆದುಕೊಡಬೇಕು.

ಅಂಗಡಿಯವರ ಬರಹ: ಕೀಬೋರ್ಡ್ ಪಡೆದಿದ್ದೇವೆ. ಪರೀಕ್ಷಿಸಿದಾಗ ಬಾರದ ಕೀಗಳು: …… ಹೊರಗಡೆ ಕಂಡ ಹಾನಿ: ಇದೆ / ಇಲ್ಲ. ದಿನಾಂಕ, ಸಹಿ, ಮೊಹರು.

ಪತ್ರದಲ್ಲಿ ಕೋಪವಿಲ್ಲ, ಕಾನೂನಿನ ಕಲಮುಗಳಿಲ್ಲ. ‘ಸ್ವೀಕರಿಸಲು ಒಪ್ಪಿಲ್ಲ’ ಎಂಬ ಮಾತನ್ನು ಸುಮ್ಮನೆ ಹಾಕಿದ್ದಲ್ಲ. 1930ರ ಸರಕು ಮಾರಾಟ ಕಾಯ್ದೆಯ 42ನೇ ಕಲಮಿನ ಪ್ರಕಾರ, ತಂದ ಮಾಲನ್ನು ಬೇಡವೆಂದು ಮಾರಿದವರಿಗೆ ತಿಳಿಸದೆ ತಕ್ಕಷ್ಟು ಕಾಲ ಇಟ್ಟುಕೊಂಡರೆ ಅದನ್ನು ಒಪ್ಪಿಕೊಂಡಂತೆ. ಒಪ್ಪಿಕೊಂಡ ಮೇಲೆ ಮಾಲನ್ನು ತಿರುಗಿಸುವ ಹಕ್ಕು ಸಾಮಾನ್ಯವಾಗಿ ಕೈತಪ್ಪುತ್ತದೆ. ಉಳಿಯುವುದು ನಷ್ಟ ಕೇಳುವ ಹಾದಿ ಮಾತ್ರ. ತಕ್ಕಷ್ಟು ಕಾಲ ಎಂದರೆ ಎಷ್ಟು ದಿನ ಎಂದು ಕಾಯ್ದೆ ಹೇಳುವುದಿಲ್ಲ, ಹಾಗಾಗಿ ಮೊದಲ ವಾರದಲ್ಲೇ ಕಾಗದದ ಮೇಲೆ ತಿಳಿಸುವುದು ಕ್ಷೇಮ. ಸ್ವಂತ ದುಡಿಮೆಯ ಸಾಲಿಗೂ ಕಾರಣವಿದೆ. ವ್ಯಾಪಾರದ ಉದ್ದೇಶಕ್ಕೆ ಮಾಲು ಕೊಂಡವರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕರೆಂದು ಎಣಿಸುವುದಿಲ್ಲ. ಆದರೆ ಸ್ವಯಂ ಉದ್ಯೋಗದಿಂದ ಹೊಟ್ಟೆಪಾಡು ನಡೆಸಲಿಕ್ಕೆಂದೇ ಕೊಂಡು ಬಳಸುವವರನ್ನು ಆ ಹೊರಗಿಡುವಿಕೆಯಿಂದ ಅದೇ ಕಾಯ್ದೆ ಬಿಡಿಸಿದೆ. ತಾವೇ ಕೂತು ಟೈಪ್ ಮಾಡುವ ಸುರಪುರದ ಡಿಟಿಪಿಯವರು ಗ್ರಾಹಕರು. ಆಳುಗಳನ್ನಿಟ್ಟು ಹತ್ತು ಕಂಪ್ಯೂಟರ್ ನಡೆಸುವ ಸಂಸ್ಥೆ ಈ ರಿಯಾಯಿತಿ ತನಗೂ ಸಿಗುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ.

‘ವಾರಂಟಿ ಕೊಟ್ಟದ್ದು ಕಂಪನಿ, ಸರ್ವಿಸ್ ಸೆಂಟರಿಗೆ ಹೋಗ್ರಿ, ನಮ್ ಕೈಯಾಗ ಏನಿಲ್ರಿ’ ಎಂಬುದು ಅಂಗಡಿಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಉತ್ತರ. ಇದರಲ್ಲಿ ಅರ್ಧ ಸತ್ಯವಿದೆ. ವಾರಂಟಿ ಚೀಟಿಯ ಮೇಲೆ ಮಾತು ಕೊಟ್ಟದ್ದು ಕಂಪನಿಯೇ, ಕೆಲವು ಕಂಪನಿಗಳು ನೇರವಾಗಿ ಸರ್ವಿಸ್ ಸೆಂಟರಿನಲ್ಲೇ ಬದಲಿಸಿಕೊಡುತ್ತವೆ. ಆದರೆ ಹಣ ಪಡೆದು ಬಿಲ್ ಕೊಟ್ಟವರು ಅಂಗಡಿಯವರು. ಆ ಮಾಲನ್ನು ಮಾರುವುದೇ ಕಸುಬಾದವರು ಮಾರಿದ ವಸ್ತು ಮಾರುಕಟ್ಟೆಗೆ ತಕ್ಕ ಗುಣದ್ದಾಗಿರಬೇಕು ಎಂಬ ಷರತ್ತು, ಬಿಲ್ಲಿನ ಮೇಲೆ ಬರೆಯದಿದ್ದರೂ, ಆ ಮಾರಾಟದೊಳಗೇ ಇದೆ. ಇದೂ 1930ರ ಕಾಯ್ದೆಯದ್ದೇ ಮಾತು. ಊರಿನ ಲೆಕ್ಕವನ್ನೂ ನೋಡಬೇಕು. ಯಾದಗಿರಿಗೆ ರೈಲಿದೆ, ಶಹಾಪುರ, ಸುರಪುರಗಳಿಗೆ ಬಸ್ಸೇ ಗತಿ. ಅಲ್ಲಿಂದ ಕಲಬುರಗಿಯ ಸರ್ವಿಸ್ ಸೆಂಟರಿಗೆ ಎರಡು ಸಲ ಓಡಾಡಿ ದಿನದ ದುಡಿಮೆ ಕಳೆದುಕೊಂಡರೆ ಕೀಬೋರ್ಡಿನ ಬೆಲೆಗಿಂತ ಹೆಚ್ಚು ಖರ್ಚಾಗುತ್ತದೆ. ಮಾಲು ತರಿಸುವ ದಾರಿ ಅಂಗಡಿಯವರಿಗೆ ಗೊತ್ತು, ಅದೇ ದಾರಿಯಲ್ಲಿ ಕಳಿಸುವುದು ಅವರಿಗೆ ಸುಲಭ. ಆದ್ದರಿಂದ ಪತ್ರ ಅಂಗಡಿಗೇ ಹೋಗಬೇಕು. ಕಂಪನಿಯ ಇಮೇಲ್‌ಗೆ ಅದರ ಪ್ರತಿ ಹೋದರೆ ಸಾಕು.

ಕೆಲವು ಬಿಲ್ಲುಗಳ ಅಡಿಯಲ್ಲಿ ‘ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಎಂದು ಅಚ್ಚಾಗಿರುತ್ತದೆ. ಬಣ್ಣ ಹಿಡಿಸಲಿಲ್ಲ ಎಂದು ಮರಳಿಸಲು ಬಂದವರಿಗೆ ಆ ಸಾಲು ತೋರಿಸಬಹುದು. ದೋಷವಿರುವ ಮಾಲಿಗೆ ಅದು ನಡೆಯುವುದಿಲ್ಲ. ದೋಷದ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ ಮೂವತ್ತು ದಿನದೊಳಗೆ, ವಾಪಸ್ ಪಡೆದು ಹಣ ಹಿಂತಿರುಗಿಸಲು ನಿರಾಕರಿಸುವುದನ್ನು 2019ರ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಗೆ ಸೇರಿಸಿದೆ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ‘ಬಿಲ್ ಬೇಡ ಅಂದ್ರ ಐವತ್ತು ಕಮ್ಮಿ’ ಎಂಬ ಆಸೆಗೆ ಬಿದ್ದವರು ಈ ಪತ್ರದ ಮೊದಲ ಸಾಲನ್ನೇ ಬರೆಯಲಾರರು ಎಂಬುದು ಬೇರೆ ಮಾತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಸಣ್ಣ ಊರಿನಲ್ಲಿ ಅಂಗಡಿಯವರೂ ಗಿರಾಕಿಯೂ ಮುಖ ಪರಿಚಯದವರು, ನಾಳೆ ಪ್ರಿಂಟರಿನ ಇಂಕಿಗೆ ಅಲ್ಲಿಗೇ ಹೋಗಬೇಕು. ಬಾಯಿಮಾತಿನಲ್ಲಿ ಮುಗಿಯುವುದಕ್ಕೆ ಕಾಗದ ಹಿಡಿದುಕೊಂಡು ಹೋದರೆ ಮನಸ್ತಾಪ ಬೆಳೆಯುತ್ತದೆ ಎನ್ನುತ್ತಾರೆ. ಬಾಯಿಮಾತಿನಲ್ಲಿ ಮುಗಿದರೆ ನಿಜಕ್ಕೂ ಕಾಗದ ಬೇಡ. ಎದುರಿಗೇ ಹೊಸ ಪೆಟ್ಟಿಗೆ ಒಡೆದು ಕೊಡುವ ಅಂಗಡಿಗಳು ಇವೆ. ‘ಇಟ್ಟು ಹೋಗ್ರಿ, ನೋಡ್ತೀವಿ’ ಎಂದಲ್ಲಿ ಮಾತ್ರ ಕಾಗದ ಬೇಕು. ಇಟ್ಟು ಹೋದದ್ದಕ್ಕೆ ಗುರುತಿಲ್ಲ, ಯಾವಾಗ ಇಟ್ಟದ್ದು ಎಂಬುದಕ್ಕೆ ತಾರೀಖಿಲ್ಲ, ತಿಂಗಳು ಕಳೆದ ಮೇಲೆ ಡಿಸ್ಟ್ರಿಬ್ಯೂಟರ್ ‘ಒಳಗೆ ನೀರು ಹೋಗಿದೆ’ ಎಂದು ತಿರುಗಿಸಿದರೆ ನೀರು ಯಾರ ಕೈಯಲ್ಲಿ ಹೋಯಿತು ಎಂದು ಹೇಳುವವರಿಲ್ಲ. ಆಗ ಆಗುವ ಜಗಳದ ಮುಂದೆ ಒಂದು ಸಹಿ ಕೇಳುವ ಮುಜುಗರ ಏನೂ ಅಲ್ಲ. ಅಲ್ಲದೆ ಆ ಕಾಗದ ಅಂಗಡಿಯವರಿಗೂ ಬೇಕಾದದ್ದೇ, ಡಿಸ್ಟ್ರಿಬ್ಯೂಟರ್ ಎದುರು ಅವರ ಬೆನ್ನಿಗೆ ನಿಲ್ಲುವುದು ಅದೊಂದೇ. ‘ನಿಮಗ ಮ್ಯಾಲಿನವ್ರಿಗೆ ತೋರ್ಸಾಕ ಬೇಕಾಗ್ತದ ಅಂತ ಬರ್ಕೊಂಡು ಬಂದೀನ್ರಿ’ ಎಂದು ಕೊಟ್ಟರೆ ಅದನ್ನು ತಕರಾರು ಎಂದು ತಿಳಿಯುವವರು ಕಡಿಮೆ.

ಅಂಗಡಿಯವರ ಕೈಬರಹ ಏಕೆ ಅಷ್ಟು ಮುಖ್ಯ ಎಂಬುದು ಮುಂದಿನ ಹಂತ ನೋಡಿದರೆ ತಿಳಿಯುತ್ತದೆ. ಕೇಳಿದ ತಾರೀಖು ದಾಟಿದರೂ ಬದಲಾಗದಿದ್ದರೆ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ಅದು ನ್ಯಾಯಾಲಯವಲ್ಲ, ಎರಡೂ ಕಡೆಯವರ ನಡುವೆ ಮಾತಾಡಿಸುವ ವ್ಯವಸ್ಥೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷ ರೂಪಾಯಿವರೆಗಿನ ಮಾಲಿನ ದೂರಿಗೆ ಅಲ್ಲಿ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ. ದೂರುದಾರರು ವಾಸಿಸುವ ಜಾಗದಲ್ಲೇ ದೂರು ಕೊಡಬಹುದು, ಅಂದರೆ ಹೈದರಾಬಾದಿನಲ್ಲಿ ಕೊಂಡ ಕೀಬೋರ್ಡಿಗೆ ಸುರಪುರದವರು ಹೈದರಾಬಾದಿಗೆ ಅಲೆಯಬೇಕಿಲ್ಲ. ದೂರಿಗೆ ಎರಡು ವರ್ಷದ ಗಡುವಿದೆ. ಇಷ್ಟೆಲ್ಲ ಅನುಕೂಲವಿದ್ದೂ ಒಂದು ತೊಡಕಿದೆ. ಮಾಲಿನಲ್ಲಿ ದೋಷವಿದೆಯೋ ಇಲ್ಲವೋ ಎಂಬುದು ಪರೀಕ್ಷೆಯಿಲ್ಲದೆ ತೀರ್ಮಾನವಾಗದಿದ್ದರೆ ಆಯೋಗ ಅದನ್ನು ಪ್ರಯೋಗಾಲಯಕ್ಕೆ ಕಳಿಸಬೇಕು, ಅದರ ಶುಲ್ಕವನ್ನು ಮೊದಲು ಕಟ್ಟಬೇಕಾದವರು ದೂರುದಾರರು. ಪರೀಕ್ಷೆ ಬೇಡದ ಪ್ರಕರಣವನ್ನು ಸಾಧ್ಯವಾದಷ್ಟು ಮಟ್ಟಿಗೆ ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದದ್ದನ್ನು ಐದು ತಿಂಗಳಲ್ಲಿ ಮುಗಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಆರುನೂರೈವತ್ತು ರೂಪಾಯಿಯ ಮಾಲಿಗೆ ಪ್ರಯೋಗಾಲಯ ಎಂದರೆ ಗಿರಾಕಿ ಸೋತಂತೆಯೇ. ‘ಪರೀಕ್ಷಿಸಿದಾಗ R, F, 4 ಬರಲಿಲ್ಲ, ಹೊರಗಡೆ ಹಾನಿ ಇಲ್ಲ’ ಎಂದು ಮಾರಿದವರೇ ಬರೆದು ಮೊಹರು ಹಾಕಿದ್ದರೆ ಆ ಪ್ರಶ್ನೆ ಬಹುಮಟ್ಟಿಗೆ ಅಲ್ಲಿಗೇ ಇತ್ಯರ್ಥ. ಇದೇ ಕಾರಣಕ್ಕೆ ಮೊದಲ ಪತ್ರದಲ್ಲಿ ಆಯೋಗದ ಹೆಸರು ಎತ್ತಬಾರದು ಎನ್ನುತ್ತೇನೆ. ಕೇಸಿನ ಬೆದರಿಕೆ ಕಂಡವರು ಏನನ್ನೂ ಬರೆದುಕೊಡುವುದಿಲ್ಲ. ಸಾಲು ಬರೆಯುವ ಮುಂಚೆ ಪರಿಚಯದ ವಕೀಲರಿಗೆ ಫೋನ್ ಹಚ್ಚುತ್ತಾರೆ.

ಅಂಗಡಿಯವರು ಕಾಗದ ಮುಟ್ಟಲೇ ಒಪ್ಪದಿದ್ದರೆ ಅದೇ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಬೇಕು, ಜೊತೆಗೆ ಪತ್ರದ ಫೋಟೋ ಮತ್ತು ವಿಡಿಯೋವನ್ನು ಅವರ ವಾಟ್ಸ್ಆ್ಯಪ್‌ಗೆ ಹಾಕಬೇಕು. ಆಗ ಕೀಬೋರ್ಡು ಗಿರಾಕಿಯ ಬಳಿಯೇ ಇರಲಿ, ಪೆಟ್ಟಿಗೆಯ ಸಮೇತ. ಬದಲಿಸಿಕೊಟ್ಟರೆ ಹೊಸದನ್ನು ಅಂಗಡಿಯ ಕಂಪ್ಯೂಟರಿಗೇ ಸಿಕ್ಕಿಸಿ ಪ್ರತಿ ಕೀಯನ್ನೂ ಒತ್ತಿ ನೋಡಬೇಕು. ಸಂತೆಯ ದಿನವಾದರೆ ಹಿಂದೆ ನಿಂತವರು ಗೊಣಗಬಹುದು, ಗೊಣಗಲಿ. ಹಳೆಯ ಬಿಲ್ಲಿನ ಮೇಲೆ ಹೊಸ ಕೀಬೋರ್ಡಿನ ಸೀರಿಯಲ್ ಸಂಖ್ಯೆ ಮತ್ತು ಬದಲಿಸಿದ ತಾರೀಖು ಬರೆಸಿ ಸಹಿ ಹಾಕಿಸಿಕೊಳ್ಳಬೇಕು. ಸಾಮಾನ್ಯವಾಗಿ ಬದಲಿಗೆ ಬಂದ ಮಾಲಿಗೆ ಹೊಸ ವರ್ಷದ ವಾರಂಟಿ ಸಿಗುವುದಿಲ್ಲ, ಹಳೆಯದರಲ್ಲಿ ಉಳಿದಷ್ಟೇ ಮುಂದುವರಿಯುತ್ತದೆ. ಬಿಲ್ಲಿನಲ್ಲಿ ಹಳೆಯ ಸಂಖ್ಯೆಯೇ ಉಳಿದು ಕೈಯಲ್ಲಿ ಬೇರೆ ಸಂಖ್ಯೆಯ ಕೀಬೋರ್ಡಿದ್ದರೆ, ಎಂಟು ತಿಂಗಳ ನಂತರ ಸ್ಪೇಸ್ ಬಾರ್ ಕೈಕೊಟ್ಟಾಗ ಅದು ಆ ಅಂಗಡಿಯ ಮಾಲೇ ಅಲ್ಲ ಎನ್ನಲು ಅವಕಾಶ ಆಗುತ್ತದೆ.